ಬರೀ ‘ಫೋಟೋ’ ಅನ್ನುತ್ತಿದ್ದ ಫೋನು: ದಾವಣಗೆರೆಯ ಒಂದು ಪ್ರಕರಣ

2025ರ ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ದೃಷ್ಟಿ ಇಲ್ಲದವರಿಗೆ ನಾನು ಭಾನುವಾರ ಫೋನ್ ಬಳಕೆ ಹೇಳಿಕೊಡುತ್ತೇನೆ ಅಂತ ಯಾರೋ ಹೇಳಿದ್ದರಂತೆ, ಒಬ್ಬ ನಿವೃತ್ತ ಮೇಷ್ಟ್ರು ಹೆಂಡತಿಯ ಕೈ ಹಿಡಿದುಕೊಂಡು ಮನೆಗೆ ಬಂದರು. ದಾವಣಗೆರೆಯವರೇ. ಗ್ಲೊಕೋಮಾದಿಂದ ಹತ್ತು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕಣ್ಣು ಹೋಗಿತ್ತು. ಕುಳಿತ ತಕ್ಷಣ ಫೋನ್ ತೆಗೆದು ಮನೆಯವರ ವಾಟ್ಸಾಪ್ ಗುಂಪು ತೆರೆದರು. ಬೆರಳು ಸರಿಸಿದಂತೆಲ್ಲ ಫೋನು “ಫೋಟೋ”, “ಫೋಟೋ”, “ಫೋಟೋ” ಅಂತ ಹೇಳುತ್ತಾ ಹೋಯಿತು.

“ನೋಡಪ್ಪಾ, ಫೋಟೋ ಅಂತ ನನಗೂ ಗೊತ್ತು. ಮೊಮ್ಮಗಳು ಏನು ಮಾಡ್ತಿದ್ದಾಳೆ ಅಂತ ಹೇಳಬೇಕು, ಅದೂ ನಮ್ಮ ಮಾತಲ್ಲಿ, ಜೋರಾಗಿ. ಆಗುತ್ತಾ?”

ಆಗುತ್ತೆ ಅಂದೆ. ಪೂರ್ತಿ ಆಗಲ್ಲ ಅನ್ನುವುದನ್ನೂ ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ಆ ಅರ್ಧ ಉತ್ತರವನ್ನು ಸರಿಮಾಡಲು ನಮಗಿಬ್ಬರಿಗೂ ಆರು ಭಾನುವಾರ ಬೇಕಾಯಿತು.

ಮೊದಲು ದನಿ

ಆಂಡ್ರಾಯ್ಡ್ ಫೋನಿನಲ್ಲಿ ಪರದೆ ಓದುವುದು ಟಾಕ್‌ಬ್ಯಾಕ್. ಮೇಷ್ಟ್ರ ಫೋನಿನಲ್ಲಿ ಅದು ಅಕ್ಷರಗಳನ್ನು ಮಾತ್ರ ಓದುತ್ತಿತ್ತು. ಫೋಟೋದಲ್ಲಿ ಅಕ್ಷರವಿಲ್ಲ, ಬಣ್ಣದ ಚುಕ್ಕಿಗಳಷ್ಟೇ ಇವೆ. ಅದಕ್ಕೇ “ಫೋಟೋ” ಅಂದು ಮುಂದೆ ಹೋಗುತ್ತಿತ್ತು. ಅಂದರೆ ಮೇಷ್ಟ್ರ ಒಂದು ಪ್ರಶ್ನೆಯಲ್ಲಿ ಮೂರು ಕೆಲಸ ಸೇರಿಕೊಂಡಿದ್ದವು. ಫೋಟೋ ನೋಡಿ ಯಾರಾದರೂ ಮಾತು ಕಟ್ಟಬೇಕು. ಆ ಮಾತು ಆಡುಗನ್ನಡದಲ್ಲಿರಬೇಕು. ಆಮೇಲೆ ಫೋನು ಅದನ್ನು ಓದಬೇಕು. ಇವುಗಳಲ್ಲಿ ಕೊನೆಯದೇ ಅವರ ಫೋನಿನಲ್ಲಿ ಕೆಟ್ಟಿತ್ತು.

ಫೋನಿನಲ್ಲಿ ಇದ್ದದ್ದು ಇಂಗ್ಲಿಷ್ ದನಿ ಮಾತ್ರ. ಮಗಳು ಕನ್ನಡದಲ್ಲಿ ಮೆಸೇಜು ಹಾಕಿದರೆ ಫೋನು ಸುಮ್ನೆ ಇರುತ್ತಿತ್ತು. ಆ ದನಿಗೆ ಕನ್ನಡ ಲಿಪಿ ಗೊತ್ತಿಲ್ಲ, ಹಾಗಾಗಿ ಹಾರಿಸಿಬಿಡುತ್ತಿತ್ತು. ಮೇಷ್ಟ್ರು ಎರಡು ವರ್ಷದಿಂದ “ಮಗಳು ಖಾಲಿ ಮೆಸೇಜು ಕಳಿಸ್ತಾಳೆ” ಅಂದುಕೊಂಡಿದ್ದರು. ಇದನ್ನು ಹೇಳುವಾಗ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಅವರು ನಗಲಿಲ್ಲ.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಸೆಟ್ಟಿಂಗ್ಸ್‌ನಲ್ಲಿ `Text-to-speech output` ಅಂತ ಹುಡುಕಿದರೆ ಸಿಗುತ್ತದೆ. ಅಲ್ಲಿ `Speech Services by Google` ಆರಿಸಿ, ಕನ್ನಡದ ದನಿಯನ್ನು ಇಳಿಸಿಕೊಂಡೆವು. ಒಂದಕ್ಕಿಂತ ಹೆಚ್ಚು ಭಾಷೆ ಇದ್ದಾಗ ಟಾಕ್‌ಬ್ಯಾಕ್‌ನ ಓದುವ ಆಯ್ಕೆಗಳಲ್ಲಿ ಭಾಷೆ ಬದಲಿಸುವ ಸಾಲೂ ಬರುತ್ತದೆ. ಮೂರು ಬೆರಳಲ್ಲಿ ಮೇಲೆ ಅಥವಾ ಕೆಳಗೆ ಸರಿಸಿ ಆ ಸಾಲಿಗೆ ಬರಬೇಕು, ಆಮೇಲೆ ಒಂದೇ ಬೆರಳಲ್ಲಿ ಸರಿಸಿ ಭಾಷೆ ಬದಲಿಸಬೇಕು. ಮೇಷ್ಟ್ರಿಗೆ ಇದು ಕೈಗೆ ಹತ್ತಲು ಎರಡು ವಾರ ಹಿಡಿಯಿತು. ಫೋಟೋ ವಿವರಿಸುವ ಆ್ಯಪ್ “ಕನ್ನಡ ಮಾತಾಡಲ್ಲ” ಅಂತ ಯಾರಾದರೂ ದೂರಿದರೆ ನಾನು ಮೊದಲು ನೋಡುವುದು ಇದನ್ನೇ. ಎಷ್ಟೋ ಸಲ ಆ್ಯಪ್ ಬರೆದದ್ದು ಕನ್ನಡದಲ್ಲೇ ಇರುತ್ತದೆ, ಓದುವ ದನಿ ಮಾತ್ರ ಬೇರೆ ಭಾಷೆಯದ್ದಾಗಿರುತ್ತದೆ.

ಆಮೇಲೆ ಮಾತು

ಫೋಟೋ ನೋಡಿ ಹೇಳಲು ಅವರ ಫೋನಿಗೆ `Be My Eyes` ಹಾಕಿದೆ. ಡೆನ್ಮಾರ್ಕಿನ ಹಾನ್ಸ್ ಯೋರ್ಗನ್ ವಿಬರ್ಗ್ ಎಂಬ ದೃಷ್ಟಿದೋಷವಿರುವವರು ಶುರುಮಾಡಿದ ಆ್ಯಪ್ ಇದು, 2015ರಲ್ಲಿ ಬಂತು. ಆಗ ಅದರಲ್ಲಿ ಇದ್ದದ್ದು ವಿಡಿಯೋ ಕರೆ ಮಾತ್ರ. ಕಣ್ಣು ಕಾಣುವ ಸ್ವಯಂಸೇವಕರು ಎತ್ತಿಕೊಂಡು ಎದುರಿಗಿರುವುದನ್ನು ನೋಡಿ ಹೇಳುತ್ತಿದ್ದರು. 2023ರಲ್ಲಿ ಯಂತ್ರವೇ ಫೋಟೋ ವಿವರಿಸುವ ಭಾಗ ಸೇರಿತು. ಗೂಗಲ್‌ನ ಲುಕ್‌ಔಟ್, ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ ಕೂಡ ಇದೇ ಜಾತಿಯವು. ನಾನು ಇದನ್ನು ಆರಿಸಲು ಒಂದೇ ಕಾರಣ: ಯಂತ್ರ ತಡಬಡಿಸಿದರೆ ಅದೇ ಆ್ಯಪ್‌ನಿಂದ ಮನುಷ್ಯರಿಗೆ ಕರೆ ಮಾಡಬಹುದು.

ವಾಟ್ಸಾಪ್‌ನಲ್ಲಿ ಫೋಟೋ ತೆರೆದು, `Share` ಒತ್ತಿ, ಪಟ್ಟಿಯಲ್ಲಿ ಈ ಆ್ಯಪ್ ಆರಿಸಿದರೆ ಸ್ವಲ್ಪ ಹೊತ್ತಿಗೆ ವಿವರಣೆ ಅಕ್ಷರದಲ್ಲಿ ಬರುತ್ತದೆ. ಟಾಕ್‌ಬ್ಯಾಕ್ ಅದನ್ನು ಓದುತ್ತದೆ. ಅದರ ಕೆಳಗೆ ಮತ್ತೆ ಪ್ರಶ್ನೆ ಕೇಳಲು ಜಾಗ ಇರುತ್ತದೆ.

ಮೊದಲ ವಿವರಣೆ ಇಂಗ್ಲಿಷಿನಲ್ಲಿ ಬಂತು, ಫೋನಿನ ಭಾಷೆ ಇಂಗ್ಲಿಷ್ ಇತ್ತಲ್ಲ. ಕನ್ನಡದಲ್ಲಿ ಹೇಳು ಅಂತ ಕೇಳಿದೆವು. ಆಗ ಬಂದದ್ದು ಕನ್ನಡವೇ, ಆದರೆ “ಚಿತ್ರದಲ್ಲಿ ಓರ್ವ ಬಾಲಕಿಯು ಆಸನದ ಮೇಲೆ ಆಸೀನಳಾಗಿರುವುದನ್ನು ಕಾಣಬಹುದಾಗಿದೆ” ಎಂಬ ಧಾಟಿ. ಮೇಷ್ಟ್ರು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು. “ನನ್ನ ಮೊಮ್ಮಗಳು ಕುರ್ಚಿ ಮೇಲೆ ಕೂತಿದ್ದಾಳೆ ಅಂತ ಹೇಳೋಕೆ ಇಷ್ಟೆಲ್ಲ ಬೇಕಾ?” ಅಂದರು.

ಬರೀ “ಸರಳವಾಗಿ ಹೇಳು” ಅಂದರೆ ಇದು ಸರಿಹೋಗಲಿಲ್ಲ. ವಾಕ್ಯ ಚಿಕ್ಕದಾದವು, ಧಾಟಿ ಅದೇ ಉಳಿಯಿತು. ಯಾವ ಮಾತು ಮೊದಲು, ಯಾವುದು ಆಮೇಲೆ ಅನ್ನುವುದನ್ನೂ ಹೇಳಬೇಕಿತ್ತು. ಕಣ್ಣಿರುವವರು ಫೋಟೋ ಕಂಡ ಕೂಡಲೇ ಮುಖ ನೋಡುತ್ತಾರೆ. ಯಂತ್ರ ಗೋಡೆಯ ಬಣ್ಣದಿಂದ ಶುರುಮಾಡಿ, ಕಿಟಕಿಗೆ ಹೋಗಿ, ಕೊನೆಗೆ ಮಗುವಿಗೆ ಬರುತ್ತಿತ್ತು. ಕಿವಿಯಲ್ಲಿ ಕೇಳುವವರಿಗೆ ಈ ಕ್ರಮ ತಾಳ್ಮೆ ಕೆಡಿಸುತ್ತದೆ, ಏಕೆಂದರೆ ಅವರು ಕಣ್ಣಿನಂತೆ ಜಿಗಿದು ಹೋಗಲಾರರು. ಮೂರನೇ ವಾರ ಮೇಷ್ಟ್ರೇ ಕೂತು ಹೇಳಿ ಬರೆಸಿದ ಸಾಲುಗಳಿವು:

“ಮನೇಲಿ ಮಾತಾಡೋ ಕನ್ನಡದಲ್ಲಿ ಹೇಳು. ಮೊದಲು ಎಷ್ಟು ಜನ, ಏನು ಮಾಡ್ತಿದ್ದಾರೆ. ಆಮೇಲೆ ಬಟ್ಟೆ, ಬಣ್ಣ. ಕೊನೆಗೆ ಜಾಗ. ಸರಿಯಾಗಿ ಕಾಣದೇ ಇದ್ದರೆ ಕಾಣ್ತಿಲ್ಲ ಅನ್ನು, ಊಹೆ ಮಾಡಬೇಡ. ಐದು ವಾಕ್ಯ ಸಾಕು.”

ಬಣ್ಣ ಬೇಕು ಅಂದದ್ದು ಅವರೇ. ಅವರು ನಡುವಯಸ್ಸಿನವರೆಗೂ ಬಣ್ಣ ಕಂಡವರು. ಹುಟ್ಟಿನಿಂದ ಕಣ್ಣಿಲ್ಲದ ನನ್ನ ಇನ್ನೊಬ್ಬ ಗೆಳೆಯರಿಗೆ ಇದೇ ಸಾಲು ಕೊಟ್ಟರೆ ಅವರು ಬಣ್ಣ ತೆಗೆದು, ಯಾರು ಯಾರ ಪಕ್ಕ ನಿಂತಿದ್ದಾರೆ, ಎಷ್ಟು ದೂರ ಅನ್ನುವುದನ್ನು ಸೇರಿಸಿಕೊಂಡರು. ಹಾಗಾಗಿ ಈ ಸಾಲುಗಳನ್ನು ಎಲ್ಲರಿಗೂ ಹಂಚುವ ಔಷಧಿ ಚೀಟಿಯಂತೆ ನಾನು ಕೊಡುವುದಿಲ್ಲ.

ಪ್ರತಿ ಸಲ ಇಷ್ಟನ್ನೂ ಹೇಳುವುದು ಆಗದ ಮಾತು. ಕೀಬೋರ್ಡಿನಲ್ಲಿ ಶಾರ್ಟ್‌ಕಟ್ ಮಾಡಿಕೊಟ್ಟೆ, ಆದರೆ ಸಲಹೆಯ ಪಟ್ಟಿಯ ಮೇಲೆ ಬೆರಳು ಇಡುವುದೇ ಅವರಿಗೆ ಕಷ್ಟವಾಯಿತು. ಕೊನೆಗೆ ವಾಟ್ಸಾಪ್‌ನಲ್ಲಿ ತಮಗೆ ತಾವೇ ಮೆಸೇಜು ಕಳಿಸುವ ಜಾಗದಲ್ಲಿ ಆ ಸಾಲುಗಳನ್ನು ಇಟ್ಟುಕೊಂಡು, ಬೇಕಾದಾಗ ಕಾಪಿ ಮಾಡಿ ಅಂಟಿಸುತ್ತಾರೆ.

ಬೆಣ್ಣೆಯೂ ಹಂಪಿಯೂ

ಅಳಿಯ ಕಳಿಸಿದ ಹೋಟೆಲ್ ಫೋಟೋ ಹಾಕಿದೆವು. ನಾಲ್ಕು ಜನ ಮೇಜಿನ ಸುತ್ತ ಇದ್ದಾರೆ, ಹುಡುಗಿ ಬಾಯಿ ತೆರೆದು ತುತ್ತಿಗೆ ಕಾಯ್ತಿದ್ದಾಳೆ, ತಟ್ಟೆಯಲ್ಲಿ ದಪ್ಪ ದೋಸೆಯಂಥದ್ದು, ಅದರ ಮೇಲೆ ಒಂದು ಉಂಡೆ ಐಸ್‌ಕ್ರೀಮು ಅಂತ ಬಂತು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. “ದಾವಣಗೆರೆಯ ಮಾನ ಹೋಯ್ತಲ್ಲಪ್ಪಾ! ಅದು ಬೆಣ್ಣೆ.”

ಇನ್ನೊಂದು ಫೋಟೋ ಮೊಮ್ಮಗಳು ಶಾಲೆಯಿಂದ ಚಿತ್ರದುರ್ಗದ ಕೋಟೆಗೆ ಹೋದಾಗಿನದ್ದು. ದೊಡ್ಡ ಬಂಡೆಗಳು, ನಡುವೆ ಒಬ್ಬರೇ ನುಸುಳುವಷ್ಟು ಸಂದು, ಅಲ್ಲಿ ಹುಡುಗಿ ಬಗ್ಗಿ ನಿಂತಿದ್ದಾಳೆ. ಇಷ್ಟೂ ಸರಿ. ಕೊನೆಗೆ, ಇದು ಹಂಪಿ ಇರಬಹುದು ಅಂತ ಒಂದು ಸಾಲು. ಊಹೆ ಮಾಡಬೇಡ ಅಂತ ನಾವು ಬರೆದಿದ್ದರೂ ಬಂತು. ಮೇಷ್ಟ್ರು ಕೇಳುತ್ತಿದ್ದಂತೆಯೇ “ಓಬವ್ವನ ಕಿಂಡಿ” ಅಂದರು. ಹಿಂದೆ ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದವರು.

ಈ ಎರಡೂ ತಪ್ಪು ನನಗೆ ಚಿಂತೆ ತರಲಿಲ್ಲ. ಬೆಣ್ಣೆ ದೋಸೆಯೂ ಕೋಟೆಯೂ ಗೊತ್ತಿರುವವರಿಗೆ ಅವು ತಾವಾಗಿ ಸಿಕ್ಕಿಬೀಳುತ್ತವೆ. ಇಂಥ ಯಂತ್ರ ಜಾಸ್ತಿ ಸಲ ಕಂಡದ್ದರ ಹೆಸರನ್ನೇ ಮೊದಲು ಹೇಳುತ್ತದೆ. ಬಂಡೆ, ಹಳೇ ಕಲ್ಲುಗೋಡೆ ಅಂದರೆ ಹಂಪಿಯ ಫೋಟೋಗಳೇ ಜಾಸ್ತಿ ತಾನೇ? ಭಯ ಇರುವುದು ಕೇಳುವವರಿಗೆ ಗೊತ್ತಿಲ್ಲದ ಜಾಗದಲ್ಲಿ, ಅದೂ ಅಷ್ಟೇ ಗಟ್ಟಿಯಾಗಿ ಹೇಳಿದಾಗ. ತಪ್ಪು ಹೇಳುವಾಗ ದನಿ ತಡವರಿಸುವುದಿಲ್ಲ, ಮುಖ ಬಾಡುವುದಿಲ್ಲ.

ತಂಗಿಯ ಸೀರೆ

ಅಂಥದ್ದು ನಾಲ್ಕನೇ ವಾರ ಬಂತು. ಮೇಷ್ಟ್ರ ತಂಗಿಯ ಮನೆಯಿಂದ ಒಂದು ಗುಂಪು ಫೋಟೋ. ಐದು ಜನ ಹೆಂಗಸರು. ಮೇಷ್ಟ್ರು ಕೇಳಿದ್ದು ಹೀಗೆ: “ಹಸಿರು ಸೀರೆ ಉಟ್ಟಿರೋ ನನ್ನ ತಂಗಿ ನಗ್ತಿದ್ದಾಳಾ?” ಹೌದು, ಹಸಿರು ಸೀರೆಯ ನಿಮ್ಮ ತಂಗಿ ನಗುತ್ತಿದ್ದಾರೆ ಅಂತ ಉತ್ತರ ಬಂತು. ಅವರಿಗೆ ಸಮಾಧಾನವಾಯಿತು. ತಂಗಿಯ ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು, ಅವಳು ನಗುವುದನ್ನೇ ಬಿಟ್ಟಿದ್ದಾಳೆ ಅನ್ನುವುದು ಇವರ ಕೊರಗು.

ಹೆಂಡತಿ ಫೋನ್ ಇಸಿದುಕೊಂಡು ನೋಡಿದರು. ಹಸಿರು ಸೀರೆಯವರು ಬೀಗರ ಕಡೆಯ ಹೆಂಗಸು. ತಂಗಿ ಹಿಂದೆ ನಿಂತಿದ್ದರು, ಅರಿಶಿನ ಬಣ್ಣದ ಸೀರೆ. ಮುಖದ ಅರ್ಧ ಇನ್ನೊಬ್ಬರ ಹೆಗಲ ಹಿಂದೆ. ಅವರು ಅದನ್ನು ಹೇಳಬೇಕೋ ಬೇಡವೋ ಅಂತ ನನ್ನ ಮುಖ ನೋಡಿದರು. ನಾನೇ ಹೇಳಿದೆ.

ತಪ್ಪು ಪ್ರಶ್ನೆಯೊಳಗೇ ಇತ್ತು. ತಂಗಿ ಯಾರು ಅಂತ ಯಂತ್ರಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಆದರೆ ಪ್ರಶ್ನೆ “ಹಸಿರು ಸೀರೆಯ ತಂಗಿ” ಅಂದುಬಿಟ್ಟಿತು, ಯಂತ್ರ ಅದನ್ನು ನಿಜ ಅಂತ ಹಿಡಿದುಕೊಂಡಿತು. ಕೇಳಿದವರ ಮಾತಿಗೆ ಹೂಂಗುಟ್ಟುವ ಚಾಳಿ ಇವಕ್ಕೆ ಬಲವಾಗಿದೆ. ಇದನ್ನು ಮೇಷ್ಟ್ರಿಗೆ ವಿವರಿಸಿದಾಗ ಅವರು ತಮ್ಮ ಶಾಲೆಯ ಭಾಷೆಯಲ್ಲೇ ಹಿಡಿದರು. “ಉತ್ತರ ಪ್ರಶ್ನೇಲೇ ಕೊಟ್ಟುಬಿಟ್ಟೆ. ಹುಡುಗ್ರು ಅದನ್ನೇ ಬರೆದ್ರು.”

ಅವತ್ತಿನಿಂದ ಕೇಳುವ ರೀತಿ ಬದಲಾಯಿತು. ಮೊದಲು ತೆರೆದ ಪ್ರಶ್ನೆ: ಎಷ್ಟು ಜನ, ಎಡದಿಂದ ಬಲಕ್ಕೆ ಒಬ್ಬೊಬ್ಬರನ್ನೇ ಹೇಳು. ಆಮೇಲೆ ಒಬ್ಬರ ಬಗ್ಗೆ: ಎಡದಿಂದ ಎರಡನೆಯವರ ಮುಖ ಪೂರ್ತಿ ಕಾಣುತ್ತಾ? ಅನುಮಾನ ಬಂದರೆ ಅದೇ ಫೋಟೋವನ್ನು ಹೊಸದಾಗಿ ಹಾಕಿ ಮತ್ತೆ ಕೇಳುತ್ತಾರೆ. ಎರಡು ಸಲವೂ ಜನರ ಲೆಕ್ಕ ಬೇರೆ ಬೇರೆ ಬಂದರೆ ಆ ವಿವರಣೆಯನ್ನು ನಂಬುವುದಿಲ್ಲ. ಎರಡು ಸಲವೂ ಒಂದೇ ಬಂತು ಅಂತ ಅದು ಸರಿಯೂ ಅಲ್ಲ, ಒಂದೇ ತಪ್ಪನ್ನು ಎರಡು ಸಲ ಹೇಳಬಹುದು. ಆದರೂ ಪೊಳ್ಳು ಬೇಗ ಬಯಲಾಗುತ್ತದೆ.

ಈ ಘಟನೆ ಇನ್ನೊಂದನ್ನೂ ತೋರಿಸಿತು. ಮೇಷ್ಟ್ರಿಗೆ ಬೇಕಿದ್ದದ್ದು ಫೋಟೋದಲ್ಲಿ ಏನಿದೆ ಅನ್ನುವುದಕ್ಕಿಂತ ಯಾರಿದ್ದಾರೆ ಅನ್ನುವುದು. ಅದನ್ನು ಯಂತ್ರ ಹೇಳಲಾರದು, ಕಳಿಸಿದವರು ಹೇಳಬಲ್ಲರು. ಮಗಳಿಗೆ ಫೋನ್ ಮಾಡಿಸಿದೆ. ಫೋಟೋ ಕಳಿಸುವಾಗ ಕೆಳಗೆ ಒಂದು ಸಾಲು ಬರೆಯಮ್ಮಾ, ಎಡದಿಂದ ಬಲಕ್ಕೆ ಹೆಸರು ಸಾಕು ಅಂದೆ. “ಅಯ್ಯೋ ಅಣ್ಣಾ, ಇಷ್ಟೇನಾ? ಅಪ್ಪ ಒಂದು ದಿನಾನೂ ಕೇಳಲಿಲ್ಲ” ಅಂದಳು. ಟಾಕ್‌ಬ್ಯಾಕ್ ಆ ಸಾಲನ್ನು ನೇರ ಓದುತ್ತದೆ, ಯಾವ ಆ್ಯಪ್ಪೂ ಬೇಡ. ಈಗ ಹೆಸರು ಮಗಳದ್ದು, ಬಣ್ಣ-ಭಂಗಿ ಯಂತ್ರದ್ದು. ಹೆಸರುಗಳನ್ನು ಯಂತ್ರಕ್ಕೆ ಹೇಳಬೇಡಿ ಅಂತಲೂ ಹೇಳಿದ್ದೇನೆ. ಹೇಳಿದರೆ ಅದು ಯಾರ ಹೆಸರನ್ನು ಯಾರಿಗೆ ಅಂಟಿಸುತ್ತದೋ, ಮತ್ತೆ ಹಸಿರು ಸೀರೆಯ ಕಥೆಯೇ.

ಲಗ್ನಪತ್ರಿಕೆ

ಈ ಮಧ್ಯೆ ಮೇಷ್ಟ್ರ ಹಳೆಯ ವಿದ್ಯಾರ್ಥಿಯೊಬ್ಬ ಮದುವೆಯ ಲಗ್ನಪತ್ರಿಕೆಯನ್ನು ಫೋಟೋ ಹೊಡೆದು ಕಳಿಸಿದ್ದ. ಯಂತ್ರ ಎಲ್ಲವನ್ನೂ ಚೆನ್ನಾಗಿ ಓದಿತು, ಊರು, ಕಲ್ಯಾಣ ಮಂಟಪ, ವಧೂವರರ ಹೆಸರು. ದಿನಾಂಕ ಫೆಬ್ರವರಿ 19, ಭಾನುವಾರ. ನಾನು ಗಮನಿಸಲೇ ಇಲ್ಲ. ಮೇಷ್ಟ್ರು ಒಂದು ಕ್ಷಣ ತಲೆ ಬಗ್ಗಿಸಿ, “ಹತ್ತೊಂಬತ್ತು ಬುಧವಾರ ಬರುತ್ತೆ. ಭಾನುವಾರ ಹದಿನಾರು. ಒಂದು ತಪ್ಪು” ಅಂದರು. ಕಣ್ಣು ಹೋದ ಮೇಲೆ ಕ್ಯಾಲೆಂಡರನ್ನು ತಲೆಯಲ್ಲೇ ಇಟ್ಟುಕೊಂಡಿದ್ದಾರೆ.

ಪತ್ರಿಕೆಯಲ್ಲಿ ಅಂಕಿಗಳು ಕನ್ನಡದವು. ಇದ್ದದ್ದು ೧೬. ಯಂತ್ರ ಅದನ್ನು ೧೯ ಅಂತ ಓದಿತ್ತು. ೬ ಮತ್ತು ೯ ಬರೆದು ನೋಡಿ, ಕಣ್ಣಿರುವವರೂ ಅವಸರದಲ್ಲಿ ತಪ್ಪುತ್ತಾರೆ. ಅದರ ಮೇಲೆ ವಾಟ್ಸಾಪ್ ಫೋಟೋ ಕಳಿಸುವಾಗ ಅದನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರದ ಅಂಚುಗಳು ಕರಗುತ್ತವೆ. ಜನ, ಬಟ್ಟೆ, ಮರಕ್ಕೆ ಇದರಿಂದ ತೊಂದರೆ ಇಲ್ಲ. ಅಂಕಿಗೆ, ಒತ್ತಕ್ಷರಕ್ಕೆ ದೊಡ್ಡ ತೊಂದರೆ. ಅದೇ ಪತ್ರಿಕೆಯನ್ನು ಹುಡುಗನಿಂದ ಮತ್ತೆ ತರಿಸಿದೆವು, ಈ ಸಲ ಕಳಿಸುವಾಗ `HD` ಆರಿಸಿ ಅಂತ ಹೇಳಿ. 16 ಸರಿಯಾಗಿ ಬಂತು.

ದಿನಾಂಕದ ಪಕ್ಕ ವಾರ ಇದ್ದದ್ದರಿಂದ ನಾವು ಬಚಾವಾದೆವು. ಮುಹೂರ್ತದ ಗಂಟೆಗೆ ಅಂಥ ಜೋಡಿ ಇಲ್ಲ. ಹಾಗಾಗಿ ಗಂಟೆಯನ್ನು ಹುಡುಗನಿಗೆ ಫೋನ್ ಮಾಡಿಯೇ ಕೇಳಿಕೊಂಡರು. ಕರೆಂಟ್ ಬಿಲ್ಲಿಗೂ ಇದೇ ಉಪಾಯ: ಬಾಕಿ ಮೊತ್ತವನ್ನು ಒಂದೇ ಅಂಕಿಯಾಗಿ ಕೇಳಬಾರದು, ಒಳಗಿನ ಸಾಲುಗಳನ್ನೂ ಓದಿಸಿ ಕೂಡಿ ನೋಡಬೇಕು. ಮೇಷ್ಟ್ರಿಗೆ ಬಾಯಿಲೆಕ್ಕ ನೀರು ಕುಡಿದಷ್ಟು ಸುಲಭ.

ಮಾತ್ರೆಯ ಪಟ್ಟಿಗೆ ಮಾತ್ರ ಬೇಡ ಅಂದೆ. ಕತ್ತರಿಸಿದ ಪಟ್ಟಿಯಲ್ಲಿ ಅರ್ಧ ಹೆಸರಿರುತ್ತದೆ, ಹಾಳೆ ಹೊಳೆಯುತ್ತದೆ, ಮುಗಿಯುವ ತಾರೀಖನ್ನು ಎಷ್ಟೋ ಸಲ ಮಸಿಯಿಲ್ಲದೆ ಒತ್ತಿರುತ್ತಾರೆ. ಅರ್ಧ ಹೆಸರನ್ನು ಯಂತ್ರ ತನಗೆ ತೋಚಿದಂತೆ ಪೂರ್ತಿ ಮಾಡಿಬಿಡಬಹುದು. ಗ್ಲೊಕೋಮಾದ ಹನಿಗೆ ಒಂದು ರಬ್ಬರ್ ಬ್ಯಾಂಡು, ಬಿಪಿ ಮಾತ್ರೆಯ ಡಬ್ಬಿಗೆ ಎರಡು ಅಂತ ಮೇಷ್ಟ್ರ ಹೆಂಡತಿ ಮೊದಲಿಂದ ಮಾಡಿಕೊಂಡಿದ್ದರು. ಅದನ್ನು ಹಾಗೇ ಬಿಟ್ಟೆವು. ಆಧಾರ್ ಕಾರ್ಡು, ಪಾಸ್‌ಬುಕ್ಕು ಕೂಡ ಹಾಕಕೂಡದು. ಫೋಟೋ ಫೋನಿನಲ್ಲೇ ಉಳಿಯುವುದಿಲ್ಲ, ದೂರದ ಕಂಪನಿಯ ಕಂಪ್ಯೂಟರಿಗೆ ಹೋಗಿ ಬರುತ್ತದೆ. ಇದನ್ನು ಕೇಳಿ ಮೇಷ್ಟ್ರು ತಂಗಿಗೆ ಫೋನ್ ಮಾಡಿ, ನಿಮ್ಮ ಮನೆ ಫೋಟೋ ಹೀಗೆ ಓದಿಸ್ತೀನಿ, ಪರವಾಗಿಲ್ವಾ ಅಂತ ಕೇಳಿದರು. ನನಗೆ ಅದು ಹೊಳೆದಿರಲಿಲ್ಲ.

ಈಗ

ಆರನೇ ಭಾನುವಾರ, ಆ ಮದುವೆ ಮುಗಿದು ವಾರವಾಗಿತ್ತು. ಮೇಷ್ಟ್ರು ಅಲ್ಲಿನ ಫೋಟೋವೊಂದನ್ನು ತಾವೇ ತೆರೆದು, ಕಳಿಸಿ, ಸಾಲುಗಳನ್ನು ಅಂಟಿಸಿ, ಕೇಳಿಸಿಕೊಂಡರು. ನಾನು ಕೈ ಹಾಕಲಿಲ್ಲ. ಮೂರು ಜನ ನಿಂತಿದ್ದಾರೆ, ನಡುವಿನವರು ವಯಸ್ಸಾದವರು, ಬಿಳಿ ಪಂಚೆ, ಕಪ್ಪು ಕನ್ನಡಕ, ಹುಡುಗ ಬಗ್ಗಿ ಅವರ ಕಾಲು ಮುಟ್ಟುತ್ತಿದ್ದಾನೆ. ಕನ್ನಡಕದ ಮಾತು ಬಂದ ಮೇಲೆ ಅದು ತಾನೇ ಅಂತ ಅವರಿಗೆ ತಿಳಿಯಿತು. “ಶರ್ಟು ಯಾವ ಬಣ್ಣದ್ದು ಅಂತ ಹೇಳಲಿಲ್ವಲ್ಲ” ಅಂತ ಮತ್ತೆ ಕೇಳಿದರು. ತಿಳಿ ನೀಲಿ ಅಂತ ಬಂತು. ಅವರು ಹೆಂಡತಿಯ ಕಡೆ ತಿರುಗಿದರು. “ಬಿಳೀದು ಅಂತ ಕೊಟ್ಟಿದ್ದೆ ನೀನು.” ಅಮ್ಮ ಕಣ್ಣು ಸಣ್ಣ ಮಾಡಿ ಫೋಟೋ ನೋಡಿದರು. “ನೀಲೀನೇ. ಬಿಳೀದು ಇಸ್ತ್ರಿ ಆಗಿರ್ಲಿಲ್ಲ.”

ಹೊರಡುವ ಮುಂಚೆ ಗುಂಪಿನ ಉಳಿದ ಫೋಟೋಗಳನ್ನೂ ಹಾಕೋಣವಾ ಅಂತ ಕೇಳಿದೆ. ಅವತ್ತು ಬೆಳಗ್ಗೆ ಬಂದ ಹನ್ನೊಂದರಲ್ಲಿ ಒಂಬತ್ತು ಗುಲಾಬಿ ಹೂವು, ಉದಯಿಸುವ ಸೂರ್ಯ, ಮೇಲೆ ಶುಭೋದಯ.

“ಅವನ್ನ ಬಿಡಪ್ಪಾ,” ಅಂದರು ಮೇಷ್ಟ್ರು. “ಅವು ಫೋಟೋ ಅಂತಷ್ಟೇ ಇರಲಿ.”